ರಿಜೆಕ್ಷನ್ ಎಷ್ಟು ಪರ್ಸೆಂಟ್ ಇಳಿಸಿದೆ ಅಂತ ಹಾಕಲಿ, ಸಾರ್?

ವಸಂತನರಸಾಪುರದಿಂದ ಒಬ್ಬರು, ನರಸಾಪುರದಿಂದ ಇಬ್ಬರು, ಗೌರಿಬಿದನೂರಿನಿಂದ ಒಬ್ಬರು. ಒಂದೇ ತಿಂಗಳಲ್ಲಿ ಅದೇ ಪ್ರಶ್ನೆ ನಾಲ್ಕು ಸಲ ಬಂದಿದೆ: "ಸಾರ್, ಕ್ವಾಲಿಟಿಯಲ್ಲಿ ಮೂರು ವರ್ಷ ಆಯ್ತು. ರಿಜೆಕ್ಷನ್ ಎಷ್ಟು ಪರ್ಸೆಂಟ್ ಇಳಿಸಿದೆ ಅಂತ ರೆಸ್ಯೂಮೆಯಲ್ಲಿ ಹಾಕಿದರೆ ಇಂಟರ್‌ವ್ಯೂಗೆ ಕರೀತಾರೆ?"

ಎಷ್ಟು ಇಳಿಸಿದ್ದೀರೋ ಅಷ್ಟೇ ಹಾಕಿ. ಉತ್ತರ ಅಲ್ಲಿಗೆ ಮುಗಿಯಿತು. ಆದರೆ ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಕೂತಿದೆ: ಪರ್ಸೆಂಟ್ ದೊಡ್ಡದಾದಷ್ಟೂ ಒಳ್ಳೆಯದು. ನಾನು ತುಮಕೂರಿನಲ್ಲಿ ಕೂತು ಇಂಥ ರೆಸ್ಯೂಮೆಗಳನ್ನು ಓದಿ ಓದಿ ಸಾಕಾಗಿದೆ. ಎಲ್ಲರೂ 50 ಪರ್ಸೆಂಟ್ ಇಳಿಸಿದವರೇ!

ತಿಂಗಳಿಗೆ 4 ಪೀಸ್ ಹೋಗುತ್ತಿದ್ದದ್ದು 2ಕ್ಕೆ ಬಂದರೂ 50 ಪರ್ಸೆಂಟೇ. ಆ ತಿಂಗಳು ಆರ್ಡರ್ ಕಡಿಮೆಯಾಗಿ ಪ್ರೊಡಕ್ಷನ್ ಅರ್ಧ ಆಗಿದ್ದರೆ, ನೀವು ಏನೂ ಮಾಡದಿದ್ದರೂ ರಿಜೆಕ್ಟ್ ಆದ ಪೀಸ್‌ಗಳ ಸಂಖ್ಯೆ ಅರ್ಧ ಆಗುತ್ತದೆ. ಇನ್ನೊಂದು ಹಳೆಯ ಕೈಚಳಕ ಇದೆ: ಕೆಂಪು ಬಿನ್‌ನಿಂದ ಪೀಸ್ ಎತ್ತಿ ರೀವರ್ಕ್ ಬಿನ್‌ಗೆ ಹಾಕುವುದು. ರಿಪೋರ್ಟ್‌ನಲ್ಲಿ ರಿಜೆಕ್ಷನ್ ಇಳಿಯುತ್ತದೆ, ಪೀಸ್ ಮಾತ್ರ ಮೊದಲಿದ್ದ ಹಾಗೇ ಇರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಡೆ ಇದನ್ನೇ "ಇಂಪ್ರೂವ್‌ಮೆಂಟ್" ಅಂತ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ದರು. ಹಾಗಾಗಿ ಬರೀ ಪರ್ಸೆಂಟ್ ಕಂಡ ಕೂಡಲೇ ನಾನು ಕೇಳುವುದು ಒಂದೇ: "ಎಷ್ಟರಲ್ಲಿ ಎಷ್ಟು? ಮತ್ತೆ ಆಗ ರೀವರ್ಕ್ ಎಷ್ಟಿತ್ತು?" ಅಲ್ಲಿಗೆ ಮುಕ್ಕಾಲು ಜನ ತಡವರಿಸುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಿಎನ್‌ಸಿ ಲೈನ್‌ನಲ್ಲಿ 25 ಎಂಎಂ ಸ್ಟೀಲ್ ಶಾಫ್ಟ್, ಟಾಲರೆನ್ಸ್ 21 ಮೈಕ್ರಾನ್. ತಿಂಗಳಿಗೆ 20,000 ಪೀಸ್, ಅದರಲ್ಲಿ 480 ರಿಜೆಕ್ಟ್, ಅಂದರೆ 2.4 ಪರ್ಸೆಂಟ್. ಈ 480ರಲ್ಲಿ 310 ಪೀಸ್ ಹೋಗುತ್ತಿದ್ದದ್ದು ಡಯಾ ಸಣ್ಣದಾಗಿ. ಸಣ್ಣದಾದ ಮೇಲೆ ರೀವರ್ಕ್ ಇಲ್ಲ, ಸೀದಾ ಸ್ಕ್ರಾಪ್.

ಎಲ್ಲರೂ ಆಪರೇಟರನ್ನು ಬೈದರು. ನೀವು ಒಂದು ಶಿಫ್ಟ್ ಮಷೀನ್ ಪಕ್ಕ ನಿಂತು ನೋಡಿದಿರಿ. ಆತ ಪೀಸ್ ಹೊರಗೆ ಬಂದ ತಕ್ಷಣ, ಬಿಸಿ ಇರುವಾಗಲೇ ಅಳೆಯುತ್ತಿದ್ದ. ಶಾಫ್ಟ್ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ 25 ಎಂಎಂ ಡಯಾ ಸುಮಾರು 6 ಮೈಕ್ರಾನ್ ಉಬ್ಬುತ್ತದೆ, ಅಂದರೆ ಟಾಲರೆನ್ಸ್‌ನ ಕಾಲು ಭಾಗಕ್ಕಿಂತ ಜಾಸ್ತಿ. ಡಯಾ ದೊಡ್ಡದಾಯ್ತು ಅಂದುಕೊಂಡು ಆತ ಆಫ್‌ಸೆಟ್ ಕಡಿಮೆ ಮಾಡುತ್ತಿದ್ದ. ಪೀಸ್ ತಣ್ಣಗಾದ ಮೇಲೆ ಸಣ್ಣದಾಗುತ್ತಿತ್ತು. ಆತನದು ತಪ್ಪಲ್ಲ, ಅವನು ಗೇಜ್ ಹೇಳಿದ್ದನ್ನೇ ಕೇಳಿದ.

ನೀವು ಮಾಡಿದ್ದು ಇಷ್ಟು: ತಣ್ಣಗಾದ ಪೀಸನ್ನೇ ಅಳೆಯಬೇಕು, ಒಂದೇ ಪೀಸ್ ನೋಡಿ ಆಫ್‌ಸೆಟ್ ಮುಟ್ಟಬಾರದು ಅಂತ ವರ್ಕ್ ಇನ್‌ಸ್ಟ್ರಕ್ಷನ್ ಬದಲಿಸಿದಿರಿ. ಮೂರು ತಿಂಗಳು ಕಾದು ನೋಡಿದಾಗ 310 ಇದ್ದದ್ದು ಸರಾಸರಿ 40ಕ್ಕೆ ಬಂತು. ಉಳಿದ 170 ಪೀಸ್‌ಗಳ ತೊಂದರೆಗಳು ಹಾಗೇ ಉಳಿದವು. ಒಟ್ಟು 210, ಅಂದರೆ 1.05 ಪರ್ಸೆಂಟ್.

ಈಗ ರೆಸ್ಯೂಮೆಯ ಸಾಲು ಹೀಗಿರಲಿ, ನೀವು ಇಂಗ್ಲಿಷ್‌ನಲ್ಲೇ ಬರೆದುಕೊಳ್ಳಿ: "ಶಾಫ್ಟ್ ಲೈನ್, ತಿಂಗಳಿಗೆ 20,000 ಪೀಸ್. ಬಿಸಿ ಪೀಸ್ ಅಳೆದು ಆಫ್‌ಸೆಟ್ ಬದಲಿಸುವುದೇ ಕಾರಣ ಎಂದು ಪತ್ತೆ ಮಾಡಿ, ಅಳತೆಯ ವಿಧಾನ ಬದಲಿಸಿದೆ. ಒಟ್ಟು ರಿಜೆಕ್ಷನ್ 2.4ರಿಂದ 1.05 ಪರ್ಸೆಂಟ್, ಮೂರು ತಿಂಗಳ ಸರಾಸರಿ, ರೀವರ್ಕ್ ಹೆಚ್ಚಿಲ್ಲ." ಲೆಕ್ಕ ಹಾಕಿದರೆ ಇದೂ 56 ಪರ್ಸೆಂಟ್ ಇಳಿಕೆಯೇ. ಆದರೆ ಈ ಸಾಲು ಓದಿದವನಿಗೆ ನಿಮ್ಮನ್ನು ಕರೆದು ಮಾತಾಡಿಸಬೇಕು ಅನ್ನಿಸುತ್ತದೆ. ಟೀಮ್ ಮಾಡಿದ ಕೆಲಸವಾದರೆ ಅದರಲ್ಲಿ ನಿಮ್ಮ ಪಾಲು ಯಾವುದು ಅಂತಲೂ ಬರೆಯಿರಿ. ಕಸ್ಟಮರ್ ಹೆಸರು, ಡ್ರಾಯಿಂಗ್ ನಂಬರ್ ಬೇಡ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. "ಐಎಸ್‌ಒ 9001 ಸರ್ಟಿಫೈಡ್ ಇಂಜಿನಿಯರ್" ಅಂತ ದಯವಿಟ್ಟು ಬರೆಯಬೇಡಿ. ಆ ಸರ್ಟಿಫಿಕೇಟ್ ಸಿಗುವುದು ಸಂಸ್ಥೆಗೆ, ಮನುಷ್ಯರಿಗಲ್ಲ. ಐಎಟಿಎಫ್ 16949 ಕೂಡ ಹಾಗೇ, ಅದು ಫ್ಯಾಕ್ಟರಿಗೆ ಸಿಗುವುದು. ನಿಮ್ಮ ಕೈಯಲ್ಲಿರುವುದು ಇಂಟರ್ನಲ್ ಆಡಿಟರ್ ಟ್ರೈನಿಂಗ್ ಮುಗಿಸಿದ ಕಾಗದ, ಅದನ್ನು ಹಾಗೇ ಬರೆದರೆ ಸಾಕು. ಅದಕ್ಕಿಂತ ಮುಖ್ಯ, ಯಾವ ಪ್ರೋಸೆಸ್ ಆಡಿಟ್ ಮಾಡಿದಿರಿ, ಏನು ಸಿಕ್ಕಿತು ಅನ್ನುವುದು. "7.1.5 ಕ್ಲಾಜ್ ಪ್ರಕಾರ ನೋಡಿದಾಗ ಎರಡು ಮೈಕ್ರೋಮೀಟರ್‌ಗಳ ಕ್ಯಾಲಿಬ್ರೇಷನ್ ಅವಧಿ ಮುಗಿದಿತ್ತು. ಎನ್‌ಸಿ ಹಾಕಿ, ಅವುಗಳಿಂದ ಅಳೆದ ಲಾಟ್ ತಡೆದು ಮತ್ತೆ ಅಳೆಸಿದೆ." ಈ ಲಾಟ್ ತಡೆದ ಭಾಗವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಇಂಟರ್‌ವ್ಯೂನಲ್ಲಿ ನಾನು ಮೊದಲು ಕೇಳುವುದು ಅದನ್ನೇ.