ನೋಡಿಕೊಂಡರೋ, ನೋಡಿ ಕೊಂಡರೋ?

ರಾತ್ರಿ ಪುಟ ಮುಗಿಸುವ ಗಡಿಬಿಡಿಯಲ್ಲಿ ನನ್ನ ಮೇಜಿಗೆ ಬಂದ ಸುದ್ದಿಯೊಂದರ ಮೊದಲ ಪ್ಯಾರಾ ಹೀಗಿತ್ತು:

"ಕೋಟ್ಯಾಂತರ ರೂಪಾಯಿ ವೆಚ್ಚದಲ್ಲಿ ನಿರ್ಮಿಸ ಲಾಗುತ್ತಿರುವ ಭವನವನ್ನು ಜಿಲ್ಲಾ ಧಿಕಾರಿ ಪರಿಶೀಲಿಸಿದರು. ಕಳೆದ ವರ್ಷ ಗುತ್ತಿಗೆದಾರರೇ ಭವನವನ್ನು ನೋಡಿ ಕೊಂಡಿದ್ದರು. ಬ್ಯಾಂಕ್ ನಿಂದ ಹಣ ಬಾರದೆ ಕೆಲಸನಿಂತಿದೆ ಎಂದು ಗೀತೆಂಬ ಸದಸ್ಯೆ ದೂರಿದರು."

ಏಳು ತಪ್ಪುಗಳಿವೆ. ಆದರೆ ಏಳರ ತೂಕವೂ ಒಂದೇ ಅಲ್ಲ. 'ನಿರ್ಮಿಸ ಲಾಗುತ್ತಿರುವ' ಕಣ್ಣಿಗೆ ಚುಚ್ಚುತ್ತದೆ, ಅರ್ಥ ಕೆಡುವುದಿಲ್ಲ. 'ನೋಡಿ ಕೊಂಡಿದ್ದರು' ಹಾಗಲ್ಲ. ಬಿಡಿಸಿ ಬರೆದರೆ ಗುತ್ತಿಗೆದಾರರು ಭವನವನ್ನು ಕಣ್ಣಾರೆ ಕಂಡು ಖರೀದಿಸಿದರು ಎಂದಾಗುತ್ತದೆ. ವರದಿಗಾರ ಹೇಳಹೊರಟದ್ದು ಮೇಲ್ವಿಚಾರಣೆ, ಅಚ್ಚಾದದ್ದು ಸರ್ಕಾರಿ ಕಟ್ಟಡದ ಮಾರಾಟ! ನಾನು ಮೊದಲು ಹುಡುಕುವುದು ಇಂಥವನ್ನೇ: 'ಹೇಳಿಕೊಟ್ಟರು' ಎಂದರೆ ಕಲಿಸಿದರು, 'ಹೇಳಿ ಕೊಟ್ಟರು' ಎಂದರೆ ಮಾತು ಹೇಳಿ ಏನನ್ನೋ ಕೈಗಿತ್ತರು. ಮಳೆ ಕೈಕೊಡುತ್ತದೆ, ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸುತ್ತೇವೆ.

ಅನುಮಾನ ಬಂದಾಗ ಎರಡು ಪದಗಳ ನಡುವೆ ಇನ್ನೊಂದು ಪದ ತುರುಕಿ ನೋಡುತ್ತೇನೆ. 'ಸೀರೆಯನ್ನು ನೋಡಿ, ಚೌಕಾಸಿ ಮಾಡಿ ಕೊಂಡರು' ಎನ್ನಬಹುದು, ಆದ್ದರಿಂದ ಅಲ್ಲಿ ಬಿಡಿ. 'ಮಕ್ಕಳನ್ನು ನೋಡಿ, ಚೆನ್ನಾಗಿ ಕೊಂಡರು' ಎನ್ನಲು ನಾಲಿಗೆ ಒಪ್ಪುವುದಿಲ್ಲ, ಆದ್ದರಿಂದ ಅಲ್ಲಿ ಕೂಡಿಸಲೇಬೇಕು. 'ಕೆಲಸನಿಂತಿದೆ' ಇದೇ ಪರೀಕ್ಷೆಯಲ್ಲಿ ಸೋಲುತ್ತದೆ. 'ಕೆಲಸ ಅರ್ಧಕ್ಕೆ ನಿಂತಿದೆ' ಎನ್ನಲು ಅಡ್ಡಿಯಿಲ್ಲವಲ್ಲ, ಹಾಗಾಗಿ ಅವೆರಡೂ ಬೇರೆ ಪದಗಳು.

ಕಂಪ್ಯೂಟರಿನಲ್ಲಿ ಹುಡುಕಿ ಬದಲಿಸುವ ಸೌಲಭ್ಯ ನೆರವಾಗುತ್ತದೆ, ಆದರೆ ಕಣ್ಣು ಮುಚ್ಚಿ ಬಳಸಬಾರದು. ಕನ್ನಡ ಪದ 'ದ್ದ', 'ಲ್ಲ', 'ತ್ತ'ದಂಥ ದ್ವಿತ್ವದಿಂದ ಆರಂಭವಾಗುವುದಿಲ್ಲ. ಹೀಗಾಗಿ 'ಹೇಳಿ ದ್ದಾರೆ'ಯಲ್ಲಿ ಖಾಲಿ ಜಾಗದ ಪಕ್ಕದ 'ದ್ದ' ಕಂಡರೆ ಧೈರ್ಯವಾಗಿ ಕೂಡಿಸಿಬಿಡಿ. ಆದರೆ ' ನಲ್ಲಿ' ಎಂಬುದನ್ನೆಲ್ಲ ಒಂದೇ ಏಟಿಗೆ ಹಿಂದಿನ ಪದಕ್ಕೆ ಅಂಟಿಸಿದಿರೋ, 'ಬೀದಿ ನಲ್ಲಿ' ಹೋಗಿ 'ಬೀದಿನಲ್ಲಿ' ಆಗುತ್ತದೆ, ನೀರು ನಿಲ್ಲುತ್ತದೆ.

'ಬ್ಯಾಂಕ್ ನಿಂದ' ಆಗುವುದಕ್ಕೆ ಕಾರಣ ಬೇರೆ. ಕೂಡಿಸಿ ಟೈಪಿಸಿದರೆ ನಕಾರ ಒತ್ತಾಗಿ 'ಬ್ಯಾಂಕ್ನಿಂದ' ಎಂದು ಮೂಡುತ್ತದೆ. ಅದನ್ನು ತಪ್ಪಿಸಲು ವರದಿಗಾರ ಸ್ಪೇಸ್ ಒತ್ತುತ್ತಾನೆ. ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ನಡುವೆ ಹಾಕಿದರೆ 'ಬ್ಯಾಂಕ್‌ನಿಂದ' ಸರಿಯಾಗಿ ಬರುತ್ತದೆ. ನನಗಂತೂ 'ಬ್ಯಾಂಕಿನಿಂದ' ಇನ್ನೂ ಇಷ್ಟ. ಬಾಯಲ್ಲಿ ನಾವು ಹೇಳುವುದೇ ಹಾಗೆ.

ಇನ್ನು 'ಕೋಟ್ಯಾಂತರ'. ಲಕ್ಷ + ಅಂತರ ಸವರ್ಣದೀರ್ಘ ಸಂಧಿಯಾಗಿ 'ಲಕ್ಷಾಂತರ' ಆಗುವುದನ್ನು ಕೇಳಿ ಕೇಳಿ, ಅದರ ದೀರ್ಘವನ್ನು ಕೋಟಿಗೂ ಎಳೆದು ತರುತ್ತೇವೆ. ಆದರೆ ಕೋಟಿಯ ಕೊನೆಯಲ್ಲಿರುವುದು ಇಕಾರ. ಅದರ ಮುಂದೆ ಅಕಾರ ಬಂದರೆ ಯಣ್ ಸಂಧಿ; ಇಕಾರ ಯಕಾರವಾಗುತ್ತದೆ, ಅಕಾರ ಹ್ರಸ್ವವಾಗಿಯೇ ಉಳಿಯುತ್ತದೆ. ಆದ್ದರಿಂದ ಕೋಟ್ಯಂತರ, ಕೋಟ್ಯಧಿಪತಿ. 'ಪಕ್ಷಾತೀತ' ಸರಿ, 'ಜಾತ್ಯಾತೀತ' ತಪ್ಪು. ಅದು ಜಾತಿ + ಅತೀತ, ಜಾತ್ಯತೀತ. ಈ ನಿಯಮ ಕಲಿತ ಹುರುಪಿನಲ್ಲಿ ಹೊಸಬರು 'ಅತ್ಯಾಧುನಿಕ'ದ ದೀರ್ಘವನ್ನೂ ಕತ್ತರಿಸುವುದುಂಟು. ಅಲ್ಲಿ ಎರಡನೆಯ ಪದವೇ 'ಆಧುನಿಕ', ದೀರ್ಘ ಅದರದೇ ಆಸ್ತಿ. 'ಅತ್ಯಧಿಕ'ದಲ್ಲಿ ಅದಿಲ್ಲ. ಬಿಡಿಸಿ ನೋಡದೆ ಪೆನ್ನು ಹಾಕಬಾರದು.

ಸಂಧಿ ಮಾಡಬಹುದು ಎಂದ ಮಾತ್ರಕ್ಕೆ ಎಲ್ಲೆಡೆ ಮಾಡಬೇಕೆಂದಿಲ್ಲ. 'ಇಲ್ಲವೆಂದು', 'ಇಲ್ಲ ಎಂದು' ಎರಡೂ ಸರಿ, ಒಂದೇ ಸುದ್ದಿಯಲ್ಲಿ ಬೆರೆಸದಿದ್ದರಾಯಿತು. ವ್ಯಕ್ತಿಯ ಹೆಸರಿನ ಜತೆ ಮಾತ್ರ ನಾನು ಸಂಧಿ ಮಾಡಲು ಬಿಡುವುದಿಲ್ಲ. 'ಗೀತೆಂಬ' ಎಂದರೆ ಆಕೆ ಗೀತಾಳೋ, ಗೀತಳೋ? 'ಗೀತಾ ಎಂಬ' ಎಂದು ಬಿಡಿಸಿದರೆ ಗೊಂದಲವಿಲ್ಲ.

ಉಳಿದದ್ದು 'ಜಿಲ್ಲಾ ಧಿಕಾರಿ'. ಇದು ವರದಿಗಾರನ ತಪ್ಪಾಗಿರಲಿಕ್ಕಿಲ್ಲ. ಕಿರಿದಾದ ಕಾಲಂನಲ್ಲಿ ಉದ್ದದ ಪದ ಕೂರದಿದ್ದಾಗ ಪುಟ ವಿನ್ಯಾಸ ಮಾಡುವವರು ನಡುವೆ ಸ್ಪೇಸ್ ಒತ್ತಿ ಅರ್ಧ ಪದವನ್ನು ಕೆಳಗಿನ ಸಾಲಿಗೆ ತಳ್ಳುತ್ತಾರೆ. ಆಮೇಲೆ ಶೀರ್ಷಿಕೆ ಬದಲಾಗಿ, ಸಾಲುಗಳು ಜರುಗಿ, ಪದ ಸಾಲಿನ ನಡುವಿಗೆ ಬಂದರೂ ಆ ಸ್ಪೇಸ್ ಅಲ್ಲೇ ಕೂತಿರುತ್ತದೆ. ನಮ್ಮ ಪ್ಯಾರಾ ಹಿಂದಿನ ಆವೃತ್ತಿಯ ಪುಟದಿಂದ ನಕಲಾಗಿ ಬಂದದ್ದು ಎಂದು ಗೊತ್ತಾದದ್ದೇ ಈ ಬಿರುಕಿನಿಂದ. ಸಾಲು ಮುರಿದಾಗ ಮಾತ್ರ ಕಾಣಿಸುವ ಹೈಫನ್ ಪುಟ ವಿನ್ಯಾಸದ ತಂತ್ರಾಂಶದಲ್ಲೇ ಇರುತ್ತದೆ, ಸ್ಪೇಸ್ ಬದಲು ಅದನ್ನು ಹಾಕಿದರೆ ಸಾಕು. ಹಾಗಾಗಿ ಕಾಪಿ ತಿದ್ದಿದ ಮೇಲೂ ಪುಟದ ಪ್ರಿಂಟ್ ತರಿಸಿ, ಬಲ ಅಂಚಿನ ಪದಗಳನ್ನಷ್ಟೇ ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದುತ್ತೇನೆ.