ವಾಲ್‌ಪ್ರೊಯೇಟ್: ಮುಟ್ಟು ತಪ್ಪುವ ಮೊದಲೇ ಆಡಬೇಕಾದ ಮಾತು

ವಾಲ್‌ಪ್ರೊಯೇಟ್ ಫಿಟ್ಸ್‌ಗೆ ಕೊಡುವ ಮಾತ್ರೆ. ಫಾರ್ಮಕಾಲಜಿ ಓದುವಾಗ ನಾವೆಲ್ಲ "ವಾಲ್‌ಪ್ರೊಯೇಟ್, ನರಕೊಳವೆ ದೋಷ" ಅಂತ ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತೇವೆ. ಆ ದೋಷ ಯಾವಾಗ ಆಗುತ್ತದೆ ಅಂತ ಒಮ್ಮೆ ದಿನ ಎಣಿಸಿ ನೋಡಿ. ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

28 ದಿನಕ್ಕೊಮ್ಮೆ ಮುಟ್ಟಾಗುವ ಹೆಣ್ಣುಮಗಳು ಅಂದುಕೊಳ್ಳಿ. 14ನೇ ದಿನದ ಆಸುಪಾಸಿನಲ್ಲಿ ಗರ್ಭ ಕಟ್ಟುತ್ತದೆ. ಅಲ್ಲಿಂದ ಸುಮಾರು 28 ದಿನದೊಳಗೆ ಮಗುವಿನ ಮೆದುಳು, ಬೆನ್ನುಹುರಿ ಆಗಬೇಕಾದ ಕೊಳವೆ ಮುಚ್ಚಿಕೊಂಡಿರುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಆ ಕೆಲಸ ಮುಗಿದಿದೆ. ಅವಳು ಇನ್ನೂ "ಸ್ವಲ್ಪ ಲೇಟಾಗಿದೆ ಅಷ್ಟೇ" ಅಂದುಕೊಂಡಿರುತ್ತಾಳೆ. ಮಾತ್ರೆ ಮಾತ್ರ ದಿನಾ ಎರಡು ಹೊತ್ತು ನಡೆದೇ ಇರುತ್ತದೆ.

ಗರ್ಭಿಣಿಯಾಗಿದ್ದಾಗ ವಾಲ್‌ಪ್ರೊಯೇಟ್ ತೆಗೆದುಕೊಂಡವರ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ದೊಡ್ಡ ಅಂಗದೋಷ ಇರುತ್ತದೆ. ಸಾಮಾನ್ಯವಾಗಿ ಇದು 2ರಿಂದ 3. ಇನ್ನೊಂದು ತೊಂದರೆ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ: 100ರಲ್ಲಿ 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ನಡವಳಿಕೆಯಲ್ಲಿ ತೊಡಕು ಬರಬಹುದು. ಬೆನ್ನುಹುರಿ ಸರಿಯಿದೆ ಅಂತ ಸ್ಕ್ಯಾನ್ ಹೇಳಿದರೂ ಈ ಪ್ರಶ್ನೆ ಹಾಗೇ ಉಳಿಯುತ್ತದೆ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದಲ್ವಾ. ಡೋಸ್ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ಆದರೆ ಇಷ್ಟಾದರೆ ಪರವಾಗಿಲ್ಲ ಅನ್ನುವ ಡೋಸ್ ಇಲ್ಲ. ಫೋಲಿಕ್ ಆಸಿಡ್ ಕೊಡುತ್ತೇವೆ, ಆದರೆ ಅದು ಈ ಅಪಾಯವನ್ನು ಅಳಿಸುತ್ತದೆ ಅಂತ ಯಾರಿಗೂ ಹೇಳಬೇಡಿ.

ಅಭ್ಯಾಸಕ್ಕೆ ನಾನೇ ಕಟ್ಟಿದ ಒಂದು ಕೇಸು ನೋಡೋಣ. ಸವಿತಾಗೆ 23 ವರ್ಷ, ಮುಂದಿನ ತಿಂಗಳು ಮದುವೆ. 16ರಲ್ಲಿ ಬೆಳಿಗ್ಗೆ ಕೈ ಜಗ್ಗಿ ಕಾಫಿ ಲೋಟ ಬೀಳುತ್ತಿತ್ತು, ಆಮೇಲೆ ಒಮ್ಮೆ ದೊಡ್ಡ ಫಿಟ್ಸ್ ಬಂತು. ಆಗಿನಿಂದ ವಾಲ್‌ಪ್ರೊಯೇಟ್ 500 ಮಿಲಿಗ್ರಾಂ, ದಿನಕ್ಕೆರಡು ಸಲ. ಐದು ವರ್ಷದಿಂದ ಫಿಟ್ಸ್ ಇಲ್ಲ. ಅಮ್ಮನ ಜೊತೆ ಬಂದಿದ್ದಾಳೆ, ಚೀಟಿ ರಿಪೀಟ್ ಮಾಡಿಸಿಕೊಳ್ಳಲು.

ಮೊದಲು ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ. ಎದುರಿಗಿದ್ದರೆ ಹುಡುಗಿ ಬಾಯಿ ಬಿಡುವುದಿಲ್ಲ. "ಮಗು ಯಾವಾಗ ಬೇಕು ಅಂತ ಯೋಚನೆ ಮಾಡಿದ್ದೀರಾ?" ಅಂತ ನೇರವಾಗಿ ಕೇಳಿ. "ಎರಡು ವರ್ಷ ಬೇಡ ಮೇಡಂ" ಅಂದಳು ಅಂದುಕೊಳ್ಳೋಣ. ಈ ಎರಡು ವರ್ಷವೇ ನಮಗೆ ಸಿಕ್ಕ ಅವಕಾಶ.

ಮಾತ್ರೆಯನ್ನು ಅವಳಾಗಿ ನಿಲ್ಲಿಸಬಾರದು. ಇದನ್ನು ಎರಡು ಸಲ ಹೇಳಿ, ಏಕೆಂದರೆ ಹೆದರಿಸಿ ಕಳಿಸಿದರೆ ಅಂದು ರಾತ್ರಿಯೇ ಬಿಡುತ್ತಾಳೆ. ಥಟ್ಟನೆ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಕುತ್ತು. ಬದಲಿಸುವ ಕೆಲಸ ನರರೋಗ ತಜ್ಞರದ್ದು: ಮೊದಲು ಲೆವೆಟಿರಾಸೆಟಮ್ ಸೇರಿಸಿ, ಅದರ ಡೋಸ್ ಸರಿಹೊಂದಿದ ಮೇಲೆ ವಾಲ್‌ಪ್ರೊಯೇಟನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಲ್ಯಾಮೊಟ್ರಿಜಿನ್ ಕೂಡ ಗರ್ಭಕ್ಕೆ ಹೆಚ್ಚು ಸುರಕ್ಷಿತ. ಆದರೆ ಸವಿತಾಳಂಥವರಲ್ಲಿ ಅದು ಕೆಲವೊಮ್ಮೆ ಕೈ ಜಗ್ಗುವುದನ್ನು ಹೆಚ್ಚಿಸುತ್ತದೆ.

ವಾಲ್‌ಪ್ರೊಯೇಟ್ ಪೂರ್ತಿ ನಿಲ್ಲುವ ತನಕ ಗರ್ಭ ನಿಲ್ಲಬಾರದು. ಪರೀಕ್ಷೆಯಲ್ಲಿ ನಾವು ತಪ್ಪು ಬರೆಯುವುದು ಇಲ್ಲೇ: ವಾಲ್‌ಪ್ರೊಯೇಟ್ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ ಅಂತ. ಇಲ್ಲ. ಹಾಗೆ ಮಾಡುವುದು ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್. ಇವು ಲಿವರನ್ನು ಚುರುಕಾಗಿಸಿ ಹಾರ್ಮೋನನ್ನು ಬೇಗ ಕರಗಿಸುತ್ತವೆ. ಸವಿತಾ ವಿಷಯದಲ್ಲಿ ತೊಂದರೆ ಮರೆವಿನದ್ದು. ದಿನದ ಗುಳಿಗೆಯನ್ನು ಜನ ನಿಜವಾಗಿ ನುಂಗುವ ರೀತಿಯಲ್ಲಿ ನೋಡಿದರೆ, ವರ್ಷಕ್ಕೆ 100ರಲ್ಲಿ ಸುಮಾರು 7 ಮಂದಿ ಗರ್ಭಿಣಿಯರಾಗುತ್ತಾರೆ. ಕಾಂಡೋಮ್ ಒಂದನ್ನೇ ನಂಬಿದರೆ ಇನ್ನೂ ಜಾಸ್ತಿ. ಕಾಪರ್-ಟಿಯಲ್ಲಿ ಒಂದಕ್ಕಿಂತ ಕಡಿಮೆ.

ಹಾಗಾಗಿ ನಾನಾದರೆ ಮೊದಲು ಕಾಪರ್-ಟಿ, ಅಂದರೆ ನಮ್ಮೂರಲ್ಲಿ ಹೇಳುವ ವಂಕಿಯ ಮಾತೆತ್ತುತ್ತೇನೆ. ಹಾರ್ಮೋನ್ ಇಲ್ಲ, ಯಾವ ಫಿಟ್ಸ್ ಮಾತ್ರೆಯ ಜೊತೆಗೂ ಜಗಳವಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. 380ಎ ಮಾದರಿ 10 ವರ್ಷ ಕೆಲಸ ಮಾಡುತ್ತದೆ, ಬೇಕೆಂದಾಗ ತೆಗೆಸಬಹುದು. ಮೊದಲ ಮಗು ಆಗದವರಿಗೂ ಹಾಕಬಹುದು. "ಅಯ್ಯೋ, ಮಕ್ಕಳೇ ಆಗಲ್ವಂತೆ" ಅನ್ನುವ ಮಾತಿಗೆ ಉತ್ತರ ಸಿದ್ಧವಿರಲಿ: ತೆಗೆದ ಮೇಲೆ ಗರ್ಭ ನಿಲ್ಲಲು ಅದು ಅಡ್ಡಿಯಲ್ಲ. ಮೊದಮೊದಲು ಮುಟ್ಟು ಜೋರಾಗಬಹುದು, ಹೊಟ್ಟೆನೋವು ಬರಬಹುದು. ಅದನ್ನು ಮುಚ್ಚಿಡಬೇಡಿ. ಬೇಡ ಅಂದರೆ "ಅಂತರ" ಅನ್ನುವ ಗರ್ಭನಿರೋಧಕ ಇಂಜೆಕ್ಷನ್ ಇದೆ, ಆದರೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುವುದನ್ನೂ ಹೇಳಿ.

ಕಾಪರ್-ಟಿ ಹಾಕುವ ಮೊದಲು ಮೂತ್ರ ಪರೀಕ್ಷೆ. ಈಚಿನ ಮೂರು ವಾರದಲ್ಲಿ ಗರ್ಭನಿರೋಧಕ ಬಳಸದೆ ಸೇರಿದ್ದರೆ, ನೆಗೆಟಿವ್ ಬಂದರೂ ನಂಬಬೇಡಿ. ಮೂರು ವಾರ ಬಿಟ್ಟು ಮತ್ತೆ ಮಾಡಿ.

ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್‌ನಲ್ಲೂ ಲೆಕ್ಕ ಇದೇ. ಮಾತ್ರೆ ನಿಲ್ಲಿಸಿದ ಮೇಲೆ ಒಂದು ತಿಂಗಳು ಕಾಯಬೇಕು. ಸೋರಿಯಾಸಿಸ್‌ಗೆ ಕೊಡುವ ಅದರ ದಾಯಾದಿ ಅಸಿಟ್ರೆಟಿನ್‌ಗೆ ಮೂರು ವರ್ಷ! ಮೆಥೋಟ್ರೆಕ್ಸೇಟ್, ವಾರ್ಫರಿನ್, ಮೈಕೋಫಿನೊಲೇಟ್ ಕೂಡ ಇದೇ ಸಾಲಿನವು.

ಒಂದು ವೇಳೆ ಸವಿತಾ ಮುಟ್ಟು ತಪ್ಪಿಸಿಕೊಂಡೇ ಬಂದರೆ? ಆಗಲೂ ಮಾತ್ರೆ ಬಿಡಿಸಬೇಡಿ. ಅಂದೇ ತಜ್ಞರಿಗೆ ಫೋನ್ ಮಾಡಿ, ಆ ವಾರದೊಳಗೆ ತೋರಿಸುವಂತೆ ಮಾಡಿ. ಚೀಟಿಯಲ್ಲಿ ಕೊನೆಯ ಮುಟ್ಟಿನ ತಾರೀಖನ್ನು ದೊಡ್ಡದಾಗಿ ಬರೆದುಕೊಡಿ. ಅಲ್ಲಿ ಮೊದಲು ಕೇಳುವುದು ಅದನ್ನೇ.