ಬರೀ ‘ಹಾಯ್ ಮೇಡಂ’ ಅಂದರೆ ನಾನೇನು ಉತ್ತರ ಕೊಡಲಿ?

ಕಂಪನಿಗಳಿಗೆ ಜನರನ್ನು ಹುಡುಕಿಕೊಡುವುದು ನನ್ನ ಕೆಲಸ. ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಅಕೌಂಟೆಂಟ್ ಬೇಕು ಅಂತ ಮೊನ್ನೆ ನನ್ನ ನಂಬರ್ ಕೊಟ್ಟು ಜಾಹೀರಾತು ಹಾಕಿದ್ದೆ. ಸಂಜೆ ಹೊತ್ತಿಗೆ ವಾಟ್ಸಾಪ್ ತುಂಬಿತ್ತು. ತುಂಬಾ ಜನ ಬರೆದಿದ್ದು ಇಷ್ಟೇ: ‘ಹಾಯ್ ಮೇಡಂ’.

ಒಂದೇ ಹೊತ್ತಿಗೆ ನನ್ನ ಕೈಯಲ್ಲಿ ಜನ ಬೇಕಾದ ಐದಾರು ಖಾಲಿ ಕೆಲಸಗಳಿರುತ್ತವೆ. ಯಾವ ಕೆಲಸಕ್ಕೆ ಅಂತ ನಾನು ಕೇಳಬೇಕು, ಅವರು ಹೇಳಬೇಕು. ಅಷ್ಟರಲ್ಲಿ ಹೊಸ ಮೆಸೇಜುಗಳು ಬಂದು ಅವರದು ಎಲ್ಲೋ ಕೆಳಗೆ ಹೋಗಿರುತ್ತದೆ. ಚಾಟ್ ಪಟ್ಟಿಯಲ್ಲಿ ತೆರೆಯದೆಯೇ ಕಾಣುವುದು ಒಂದೆರಡು ಸಾಲು ಮಾತ್ರ. ಯಾವುದನ್ನು ಮೊದಲು ತೆರೆಯಬೇಕು ಅಂತ ನಾನು ಅಲ್ಲೇ ನೋಡಿಕೊಳ್ಳುತ್ತೇನೆ. ಹಾಗಾಗಿ ಕೆಲಸದ ಹೆಸರು ಆ ಜಾಗದಲ್ಲೇ ಬರಬೇಕು.

ಇನ್ನು ಕೆಲವರು ಇಮೇಲಿಗೆ ಬರೆದ ಇಡೀ ಪತ್ರವನ್ನೇ ತಂದು ಅಂಟಿಸುತ್ತಾರೆ. ಫೋನಿನಲ್ಲಿ ಅದು ಅರ್ಧಕ್ಕೆ ಕತ್ತರಿಸಿ ‘Read more’ ಅಂತ ತೋರಿಸುತ್ತದೆ. ಬೇಕಾದ ವಿಷಯ ಕೊನೆಯಲ್ಲಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ.

ಅವತ್ತು ನಾನು ತಕ್ಷಣ ಫೋನ್ ಮಾಡಿದ್ದು ಹೀಗೆ ಬರೆದಿದ್ದ ಹುಡುಗಿಗೆ:

‘ನಮಸ್ತೆ ಮೇಡಂ. ಪೀಣ್ಯದ ಅಕೌಂಟೆಂಟ್ ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಬಿ.ಕಾಂ ಆಗಿದೆ. 3 ವರ್ಷದಿಂದ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಿದ್ದೇನೆ. ಮನೆ ದಾಸರಹಳ್ಳಿ. ನೋಟಿಸ್ ಪೀರಿಯಡ್ 30 ದಿನ. ರೆಸ್ಯೂಮೆ ಕೆಳಗಿದೆ. ಕೆಲಸ ಇನ್ನೂ ಖಾಲಿ ಇದ್ದರೆ ತಿಳಿಸುತ್ತೀರಾ?’

ನೋಡಿ, ಕಂಪನಿಯವರು ನನ್ನನ್ನು ಕೇಳುವುದು ಇವೇ. ಟ್ಯಾಲಿ ಬರುತ್ತಾ, ಎಲ್ಲಿಂದ ಬರ್ತಾರೆ, ಯಾವಾಗ ಸೇರ್ತಾರೆ. ದಾಸರಹಳ್ಳಿ ಅಂದ ಕೂಡಲೇ ಓಡಾಟದ ಚಿಂತೆ ಇಲ್ಲ ಅಂತ ಗೊತ್ತಾಯಿತು. ಕೊನೆಗೆ ಒಂದೇ ಪ್ರಶ್ನೆ ಇಟ್ಟಿದ್ದಾರೆ, ಅದಕ್ಕೆ ನಾನು ‘ಇದೆ’ ಅಂದರೆ ಸಾಕು. ಸಂಬಳದ ಮಾತು ಎತ್ತಿಲ್ಲ. ಅದು ಫೋನಿನಲ್ಲಿ ಮಾತಾಡುವ ವಿಷಯ, ಜಾಹೀರಾತಿನಲ್ಲೇ ಕೇಳಿದ್ದರೆ ಮಾತ್ರ ಬರೆಯಿರಿ. ರೆಸ್ಯೂಮೆ ಪಿಡಿಎಫ್‌ನಲ್ಲಿತ್ತು, ಫೈಲಿಗೆ ಅವರದೇ ಹೆಸರಿತ್ತು. ‘ನ್ಯೂ ಫೈನಲ್’ ಅಂತ ಹೆಸರಿಟ್ಟರೆ ನಾಳೆ ನಾನು ಹುಡುಕುವುದು ಹೇಗೆ?

ಧಾಟಿಯ ವಿಷಯದಲ್ಲಿ ಒಂದು ಮಾತು ಮನಸ್ಸಿಟ್ಟು ಹೇಳಬೇಕು. ‘ತುಂಬಾ ಕಷ್ಟದಲ್ಲಿದ್ದೀನಿ, ಯಾವ ಕೆಲಸ ಆದ್ರೂ ಪರವಾಗಿಲ್ಲ’ ಅಂತ ಬರೆಯುವವರಿದ್ದಾರೆ. ಓದಿದಾಗ ನಿಜವಾಗಿ ಸಂಕಟವಾಗುತ್ತದೆ. ಆದರೆ ಆ ಮಾತು ಹಿಡಿದು ನಾನು ಯಾವ ಕಂಪನಿಗೂ ಹೋಗಲಾರೆ. ನಿಮಗೆ ಬರುವ ಕೆಲಸ ಯಾವುದು ಅಂತ ಹೇಳಿ, ಅದನ್ನು ಹಿಡಿದು ಹೋಗುತ್ತೇನೆ.

ನೀಲಿ ಟಿಕ್ ಬಂದರೂ ಉತ್ತರ ಬರಲಿಲ್ಲ ಅಂತ ‘??’ ಕಳಿಸಬೇಡಿ. ಎರಡು ಮೂರು ಕೆಲಸದ ದಿನ ಬಿಡಿ. ಆಮೇಲೆ ಅದೇ ಚಾಟ್‌ನಲ್ಲಿ ಹಗಲು ಹೊತ್ತು ಒಂದು ಸಾಲು ಬರೆಯಿರಿ: ‘ಮೇಡಂ, ಸೋಮವಾರ ಪೀಣ್ಯದ ಅಕೌಂಟೆಂಟ್ ಕೆಲಸಕ್ಕೆ ರೆಸ್ಯೂಮೆ ಕಳಿಸಿದ್ದೆ, ಏನಾದರೂ ತಿಳಿಯಿತಾ?’ ಚಾಟ್ ಮತ್ತೆ ಮೇಲೆ ಬರುತ್ತದೆ, ಹಳೆಯ ಮೆಸೇಜೂ ಅಲ್ಲೇ ಇರುತ್ತದೆ.